ಅರವತ್ತನಾಲ್ಕು ಡಿಗ್ರಿಯ ಮೊಟ್ಟೆ

ಮೊಟ್ಟೆಯನ್ನು ಕುದಿಯುವ ನೀರಿನಲ್ಲಿ ಬೇಯಿಸುವ ರೂಢಿ ಎಲ್ಲೆಡೆ ನೆಲೆನಿಂತಿರುವುದಕ್ಕೆ ಮುಖ್ಯ ಕಾರಣ ರುಚಿಯಲ್ಲ, ಅನುಕೂಲ. ನೀರು ಕುದಿಯುತ್ತಿದೆಯೆಂಬುದು ಕಣ್ಣಿಗೆ ಕಾಣುತ್ತದೆ, ಕಿವಿಗೂ ಕೇಳುತ್ತದೆ. ಆದ್ದರಿಂದ ಥರ್ಮಾಮೀಟರ್ ಇಲ್ಲದ ಅಡುಗೆಮನೆಯಲ್ಲಿಯೂ ಪ್ರತಿಸಲ ಒಂದೇ ಉಷ್ಣತೆ ತಾನಾಗಿಯೇ ದೊರೆಯುತ್ತದೆ. ಆದರೆ ಹೀಗೆ ಸುಲಭವಾಗಿ ದೊರೆಯುವ 100 ಡಿಗ್ರಿ ಸೆಲ್ಸಿಯಸ್ ಮೊಟ್ಟೆಯ ಯಾವ ಭಾಗಕ್ಕೂ ಅಗತ್ಯವಿಲ್ಲದಷ್ಟು ಹೆಚ್ಚಿನದು. ಮೊಟ್ಟೆಯ ಹಳದಿ ಭಾಗ 65 ಡಿಗ್ರಿಯ ಸುಮಾರಿಗೆ ದಪ್ಪವಾಗತೊಡಗಿ 70ರ ಹೊತ್ತಿಗೆ ಗಟ್ಟಿಯಾಗುತ್ತದೆ, ಬಿಳಿಯ ಲೋಳೆ 60 ದಾಟುತ್ತಿದ್ದಂತೆ ಹಾಲಿನ ಬಣ್ಣಕ್ಕೆ ತಿರುಗಿ ಕೂಡಿಕೊಳ್ಳತೊಡಗುತ್ತದೆ. ಕುದಿಯುವ ನೀರಿನಲ್ಲಿಟ್ಟ ಮೊಟ್ಟೆ ಈ ಎಲ್ಲ ಹಂತಗಳನ್ನು ನಿಲ್ಲದೆ ದಾಟಿಕೊಂಡು ಹೋಗುತ್ತಿರುತ್ತದೆ. ಬೇಯಿಸುವವರ ಕೈಯಲ್ಲಿರುವುದು ಅದನ್ನು ಸರಿಯಾದ ನಿಮಿಷದಲ್ಲಿ ಹೊರತೆಗೆಯುವ ಕೆಲಸ ಮಾತ್ರ.

ನೀರನ್ನೇ ಬೇಕಾದ ಉಷ್ಣತೆಯಲ್ಲಿ ಹಿಡಿದಿಟ್ಟು, ಮೊಟ್ಟೆಯನ್ನು ಚಿಪ್ಪಿನ ಸಮೇತ ಅದರಲ್ಲಿ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಬಿಡುವ ವಿಧಾನ ಈ ಅವಸರವನ್ನು ತಪ್ಪಿಸುತ್ತದೆ. ನೀರು 64 ಡಿಗ್ರಿಯಲ್ಲಿದ್ದರೆ ಮೊಟ್ಟೆಯ ಯಾವ ಮೂಲೆಯೂ 64ನ್ನು ಮೀರಲಾರದು, ಹೀಗಾಗಿ ಎರಡು ನಿಮಿಷ ತಡವಾದುದರಿಂದ ಕೆಡುವ ಭಯವಿಲ್ಲ. ಹೀಗೆ ಬೆಂದ ಮೊಟ್ಟೆಯ ಹಳದಿ ಭಾಗ ಹರಿಯುವುದೂ ಇಲ್ಲ, ಪುಡಿಯಾಗುವುದೂ ಇಲ್ಲ. ಜಾಮ್‌ನಂತೆ ಹೊಳಪಿನಿಂದ ಕೂಡಿ, ಚಮಚದಿಂದ ಬ್ರೆಡ್ಡಿನ ಮೇಲೆ ಸವರುವ ಹದಕ್ಕೆ ಬಂದಿರುತ್ತದೆ. ಬಿಳಿ ಭಾಗ ತೆಳುವಾದ ಗಿಣ್ಣಿನಷ್ಟು ಮೃದುವಾಗಿರುತ್ತದೆ. ಒಳಗಿನದು ಹೊರಗಿನದಕ್ಕಿಂತ ಗಟ್ಟಿಯಾಗಿರುವ ಈ ತಲೆಕೆಳಗಾದ ಸ್ಥಿತಿ ಮಾಮೂಲಿ ಬೇಯಿಸಿದ ಮೊಟ್ಟೆಗೆ ಒಗ್ಗಿದವರಿಗೆ ಮೊದಲ ಸಲ ವಿಚಿತ್ರವಾಗಿ ಕಾಣುವುದು ಸಹಜ. ಅದರ ಕಾರಣ ಮೊಟ್ಟೆಯ ಪ್ರೋಟೀನುಗಳಲ್ಲಿದೆ.

ಪ್ರೋಟೀನ್ ಎಂಬುದು ಉದ್ದವಾದ ಸರಪಳಿಯಂಥ ಅಣು. ಹಸಿ ಮೊಟ್ಟೆಯಲ್ಲಿ ಅಂಥ ಪ್ರತಿಯೊಂದು ಸರಪಳಿಯೂ ಬಿಗಿಯಾಗಿ ಸುತ್ತಿಕೊಂಡು ನೀರಿನಲ್ಲಿ ಬಿಡಿಬಿಡಿಯಾಗಿ ತೇಲುತ್ತಿರುತ್ತದೆ. ಕಾವು ತಗುಲಿದಾಗ ಸುತ್ತು ಬಿಚ್ಚಿಕೊಳ್ಳುತ್ತದೆ, ಬಿಚ್ಚಿಕೊಂಡ ಸರಪಳಿಗಳು ಒಂದಕ್ಕೊಂದು ತೊಡರಿಕೊಂಡು ಬಲೆಯಾಗುತ್ತವೆ, ಆ ಬಲೆಯಲ್ಲಿ ನೀರು ಸಿಕ್ಕಿಬೀಳುತ್ತದೆ. ಹೆಪ್ಪುಗಟ್ಟುವುದು ಎಂದು ಕರೆಯುವುದು ಇದನ್ನೇ. ಸುತ್ತು ಬಿಚ್ಚಿಕೊಳ್ಳುವ ಉಷ್ಣತೆ ಪ್ರತಿ ಪ್ರೋಟೀನಿಗೂ ಬೇರೆ. ಬಿಳಿಯ ಲೋಳೆಯಲ್ಲಿರುವ ಪ್ರೋಟೀನುಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನ ಪಾಲು ಓವಾಲ್ಬುಮಿನ್ ಎಂಬುದರದು, ಅದು ಬಿಚ್ಚಿಕೊಳ್ಳಲು 80 ಡಿಗ್ರಿಯಷ್ಟು ಕಾವು ಬೇಕು. ಸುಮಾರು ಎಂಟನೆಯ ಒಂದು ಪಾಲಿರುವ ಓವೋಟ್ರಾನ್ಸ್‌ಫೆರಿನ್ ಮಾತ್ರ 61–62 ಡಿಗ್ರಿಗೇ ಬಿಚ್ಚಿಕೊಳ್ಳುತ್ತದೆ. 64 ಡಿಗ್ರಿಯ ನೀರಿನಲ್ಲಿ ಬಿಳಿಯನ್ನು ಹಿಡಿದು ನಿಲ್ಲಿಸುವ ಕೆಲಸ ಬಹುಮಟ್ಟಿಗೆ ಈ ಅಲ್ಪಸಂಖ್ಯಾತ ಪ್ರೋಟೀನಿನದೇ ಆಗಿರುವುದರಿಂದ ಬಲೆ ವಿರಳವಾಗಿ, ಸಡಿಲವಾಗಿ ನೇಯ್ದುಕೊಳ್ಳುತ್ತದೆ. ಓವಾಲ್ಬುಮಿನ್ ಬಹುತೇಕ ಹಸಿಯಾಗಿಯೇ ಉಳಿಯುತ್ತದೆ. ಕುದಿಸಿದ ಮೊಟ್ಟೆಯ ಬಿಳಿ ರಬ್ಬರಿನಂತಾಗಲು ಕಾರಣವಾಗುವ ಪ್ರೋಟೀನೇ ಇಲ್ಲಿ ಕೆಲಸಕ್ಕೆ ಇಳಿದಿರುವುದಿಲ್ಲ ಎಂಬುದರಲ್ಲಿ ಈ ವಿಧಾನದ ಗುಣವೂ ಮಿತಿಯೂ ಒಟ್ಟಿಗೇ ಅಡಗಿವೆ.

ಹಳದಿ ಭಾಗದ ಸ್ವಭಾವ ಬೇರೆ. ಅದರಲ್ಲಿ ನೀರು ಸುಮಾರು ಅರ್ಧದಷ್ಟೇ. ಉಳಿದುದು ಕೊಬ್ಬು ಮತ್ತು ಕೊಬ್ಬಿನೊಂದಿಗೆ ಬೆಸೆದುಕೊಂಡ ಪ್ರೋಟೀನುಗಳು. ಅವು ಒಂದು ನಿರ್ದಿಷ್ಟ ಡಿಗ್ರಿ ಮುಟ್ಟಿದೊಡನೆ ಒಮ್ಮೆಲೇ ಗಟ್ಟಿಯಾಗುವುದಿಲ್ಲ, ಅರವತ್ತರ ಮೇಲಿನ ಒಂದೊಂದು ಡಿಗ್ರಿಗೂ ಒಂದೊಂದು ಹದವನ್ನು ತಾಳುತ್ತ ಹೋಗುತ್ತವೆ. ನಿಧಾನ ಬೇಯಿಸುವಿಕೆಯ ಆಕರ್ಷಣೆಯೆಲ್ಲ ಈ ಹದಗಳ ಸರಣಿಯಲ್ಲಿದೆ.

ಈ ಗುಣವನ್ನು ಪ್ರಯೋಗಶಾಲೆಗಳಿಗಿಂತ ಬಹಳ ಮೊದಲೇ ಕಂಡುಕೊಂಡು ಬಳಸಿದವರು ಜಪಾನಿನ ಬಿಸಿನೀರಿನ ಬುಗ್ಗೆಗಳ ಊರಿನವರು. ಅಲ್ಲಿ ಬುಗ್ಗೆಗೆ ಓನ್ಸೆನ್ ಎಂದೂ ಮೊಟ್ಟೆಗೆ ತಮಾಗೊ ಎಂದೂ ಹೆಸರು. 70 ಡಿಗ್ರಿಯ ಆಸುಪಾಸಿನಲ್ಲಿ ಸದಾ ಹರಿಯುವ ಬುಗ್ಗೆಯ ನೀರಿನಲ್ಲಿ ಮೊಟ್ಟೆಗಳನ್ನು ಬಲೆಯ ಚೀಲದಲ್ಲೋ ಬುಟ್ಟಿಯಲ್ಲೋ ಇಳಿಬಿಟ್ಟು ಬೇಯಿಸಿದ್ದೇ ಓನ್ಸೆನ್ ತಮಾಗೊ. ಅದನ್ನು ಚಿಕ್ಕ ಬಟ್ಟಲಿಗೆ ಒಡೆದು ಹಾಕಿ, ಒಣಮೀನು ಮತ್ತು ಕಡಲಪಾಚಿಯಿಂದ ತೆಗೆದ ದಾಶಿ ಎಂಬ ತಿಳಿಸಾರಿಗೆ ಸೋಯಾ ಸಾಸ್ ಬೆರೆಸಿ ಮೇಲೆ ಸುರಿದು ತಿನ್ನುತ್ತಾರೆ. ಬಿಳಿ ಭಾಗ ಸಡಿಲವಾಗಿದ್ದು ಸಾರಿನೊಂದಿಗೆ ಬೆರೆಯುವುದು ಅಲ್ಲಿ ದೋಷವೆನಿಸುವುದಿಲ್ಲ. ಹಾಗೆಂದು ಬುಗ್ಗೆಯ ನೀರಿನಲ್ಲಿ ಬೆಂದ ಮೊಟ್ಟೆಗಳೆಲ್ಲ ಮೃದುವಾಗಿರುತ್ತವೆ ಎಂದುಕೊಳ್ಳುವಂತಿಲ್ಲ. ಹಕೋನೆಯ ಓವಾಕುದಾನಿ ಕಣಿವೆಯಲ್ಲಿ ಪ್ರವಾಸಿಗರು ಸಾಲು ನಿಂತು ಕೊಳ್ಳುವ ಕಪ್ಪು ಚಿಪ್ಪಿನ ಮೊಟ್ಟೆ 80 ಡಿಗ್ರಿಯ ಸುಮಾರಿನ ಗಂಧಕದ ನೀರಿನಲ್ಲಿ ಬೆಂದು ಬಳಿಕ ಹಬೆಯಲ್ಲಿಯೂ ಬೇಯುತ್ತದೆ, ಆದ್ದರಿಂದ ಅದರ ಒಳಭಾಗ ಮಾಮೂಲಿ ಗಟ್ಟಿ ಮೊಟ್ಟೆಯದೇ. ಅಲ್ಲಿ ವಿಶೇಷವಾಗಿರುವುದು ಚಿಪ್ಪಿನ ಬಣ್ಣ ಮಾತ್ರ.

ಪಾಶ್ಚಾತ್ಯ ಹೋಟೆಲುಗಳಿಗೆ ಈ ವಿಧಾನ ಬಂದದ್ದು ಇನ್ನೊಂದು ದಾರಿಯಿಂದ. 1988ರಲ್ಲಿ ಭೌತವಿಜ್ಞಾನಿ ನಿಕೊಲಸ್ ಕುರ್ಟಿ ಅವರೊಡನೆ ಸೇರಿ ಅಣುಮಟ್ಟದ ಪಾಕಶಾಸ್ತ್ರ ಎಂಬ ಅಧ್ಯಯನ ಶಾಖೆಗೆ ಹೆಸರಿಟ್ಟ ಫ್ರೆಂಚ್ ರಸಾಯನವಿಜ್ಞಾನಿ ಎರ್ವೆ ತೀಸ್, 65 ಡಿಗ್ರಿಯ ಮೊಟ್ಟೆಯನ್ನು ಬಾಣಸಿಗರಲ್ಲಿ ಪ್ರಚಾರಕ್ಕೆ ತಂದರು. ಉಷ್ಣತೆಯೊಂದೇ ಮುಖ್ಯ, ಹೊತ್ತು ಎಷ್ಟಾದರೂ ಆಗಲಿ ಎಂಬ ನಂಬಿಕೆ ಆಗ ಬಲವಾಗಿ ಬೇರೂರಿತು. 65 ಎಂಬ ಅಂಕಿ ಒಂದು ಮಂತ್ರದಂತೆ ಅಡುಗೆ ಪುಸ್ತಕಗಳಲ್ಲಿ ಹರಡಿತು. 2011ರಲ್ಲಿ ಸೆಸಾರ್ ವೇಗಾ ಮತ್ತು ರೂಬೆನ್ ಮೆರ್ಕಾಡೆ-ಪ್ರಿಯೆಟೊ ಎಂಬ ಸಂಶೋಧಕರು ಹಳದಿ ಭಾಗದ ದಪ್ಪವನ್ನು ಬೇರೆ ಬೇರೆ ಉಷ್ಣತೆಗಳಲ್ಲಿ ಬೇರೆ ಬೇರೆ ಅವಧಿಗೆ ಅಳೆದು ಪ್ರಕಟಿಸಿದ ಲೇಖನ ಈ ನಂಬಿಕೆಯನ್ನು ತಿದ್ದಿತು. ಅವರು ತೋರಿಸಿದಂತೆ ಅರವತ್ತರಿಂದ ಅರವತ್ತೇಳರ ನಡುವಿನ ಯಾವುದೇ ಡಿಗ್ರಿಯಲ್ಲಿ ಹಳದಿ ಭಾಗ ಹೊತ್ತು ಕಳೆದಂತೆ ದಪ್ಪವಾಗುತ್ತಲೇ ಹೋಗುತ್ತದೆ. ಕಡಿಮೆ ಉಷ್ಣತೆಯಲ್ಲಿ ಹೆಚ್ಚು ಹೊತ್ತಿಟ್ಟರೂ, ತುಸು ಹೆಚ್ಚಿನ ಉಷ್ಣತೆಯಲ್ಲಿ ಕಡಿಮೆ ಹೊತ್ತಿಟ್ಟರೂ ಒಂದೇ ಹದವನ್ನು ಮುಟ್ಟಬಹುದು. 65 ಡಿಗ್ರಿಯಲ್ಲಿ ಒಂದು ಗಂಟೆ ಇದ್ದ ಮೊಟ್ಟೆಯೂ ಮೂರು ಗಂಟೆ ಇದ್ದ ಮೊಟ್ಟೆಯೂ ಒಂದೇ ಅಲ್ಲ ಎಂಬುದು ಇದರ ನೇರ ಅರ್ಥ. ಎರಡು ನಿಮಿಷ ತಡವಾದರೆ ಕೆಡದ ಮೊಟ್ಟೆ ಎರಡು ಗಂಟೆ ತಡವಾದರೆ ಖಂಡಿತ ಬದಲಾಗುತ್ತದೆ.

ಈ ವಿಧಾನಕ್ಕೆಂದೇ ಇಮ್ಮರ್ಷನ್ ಸರ್ಕ್ಯುಲೇಟರ್ ಎಂಬ ಉಪಕರಣವಿದೆ. ಪಾತ್ರೆಯ ಅಂಚಿಗೆ ಸಿಕ್ಕಿಸಿದರೆ ಅದು ನೀರನ್ನು ಕಾಯಿಸುತ್ತ, ಸುತ್ತಿಸುತ್ತ, ಹೇಳಿದ ಡಿಗ್ರಿಯಲ್ಲಿ ಹಿಡಿದಿಡುತ್ತದೆ. ಅದಿಲ್ಲದವರಿಗೆ ಗಟ್ಟಿ ತಳದ ದೊಡ್ಡ ಪಾತ್ರೆ, ಸರಿಯಾಗಿ ಮುಚ್ಚುವ ಮುಚ್ಚಳ, ಒಂದು ಡಿಜಿಟಲ್ ಥರ್ಮಾಮೀಟರ್ ಮತ್ತು ಒಂದು ಗಂಟೆಯ ತಾಳ್ಮೆ ಸಾಕು. ಪಾತ್ರೆ ದೊಡ್ಡದಿರಬೇಕೆಂಬುದಕ್ಕೆ ಲೆಕ್ಕವಿದೆ. ತಲಾ 60 ಗ್ರಾಂ ತೂಗುವ ನಾಲ್ಕು ಮೊಟ್ಟೆಗಳನ್ನು ಫ್ರಿಜ್ಜಿನಿಂದ, ಅಂದರೆ ಸುಮಾರು 5 ಡಿಗ್ರಿಯಿಂದ, ನೇರವಾಗಿ 64 ಡಿಗ್ರಿಯ ನೀರಿಗೆ ಇಳಿಸಿದರೆ ಅವು ಬಿಸಿಯಾಗಲು ಹೀರುವ ಕಾವು ಹೆಚ್ಚುಕಡಿಮೆ 190 ಗ್ರಾಂ ತಣ್ಣೀರು ಹೀರುವಷ್ಟಿರುತ್ತದೆ. ಪಾತ್ರೆಯಲ್ಲಿ ಒಂದೇ ಲೀಟರ್ ನೀರಿದ್ದರೆ ಒಟ್ಟು ಉಷ್ಣತೆ ಒಂಬತ್ತು ಡಿಗ್ರಿಗಿಂತ ಹೆಚ್ಚು ಕುಸಿದು 55ರ ಹತ್ತಿರ ಬರುತ್ತದೆ, ಮೂರು ಲೀಟರ್ ಇದ್ದರೆ ಕುಸಿತ ಮೂರೂವರೆ ಡಿಗ್ರಿಗೆ ಇಳಿಯುತ್ತದೆ. ಮೊಟ್ಟೆಗಳನ್ನು ಮೊದಲೇ ಹೊರಗಿಟ್ಟು ಕೋಣೆಯ ಉಷ್ಣತೆಗೆ ತಂದಿದ್ದರೆ ಎರಡು ಡಿಗ್ರಿಯಷ್ಟೇ. ಆದ್ದರಿಂದ ಮೂರು ಲೀಟರ್ ನೀರನ್ನು 66 ಡಿಗ್ರಿಗೆ ಕಾಯಿಸಿ, ಹೊರಗಿಟ್ಟ ಮೊಟ್ಟೆಗಳನ್ನು ಜಾಲರಿ ಸೌಟಿನಿಂದ ಮೆಲ್ಲಗೆ ಇಳಿಸಿದರೆ ನೀರು ಹತ್ತು ಹದಿನೈದು ನಿಮಿಷಗಳಲ್ಲಿ ತಾನಾಗಿಯೇ 64ರ ಹತ್ತಿರ ಬಂದು ನಿಲ್ಲುತ್ತದೆ.

ಅಲ್ಲಿಂದ ಮುಂದೆ ಗ್ಯಾಸ್ ಒಲೆಯ ಅತಿ ಚಿಕ್ಕ ಉರಿಯೂ ಜಾಸ್ತಿಯಾಗುವುದೇ ಹೆಚ್ಚು. ಉರಿಯನ್ನು ಆರಿಸಿ ಮುಚ್ಚಳ ಮುಚ್ಚಿ, ಐದು ನಿಮಿಷಕ್ಕೊಮ್ಮೆ ಥರ್ಮಾಮೀಟರ್ ನೋಡಿ, 63ಕ್ಕೆ ಇಳಿದಾಗ ಅರ್ಧ ನಿಮಿಷ ಉರಿ ಹಚ್ಚಿ, ನೀರನ್ನು ಒಮ್ಮೆ ಕಲಕುವುದೇ ಸರಿಯಾದ ಕ್ರಮ. ಕಲಕುವುದನ್ನು ಬಿಡಬಾರದು, ಏಕೆಂದರೆ ಸುಮ್ಮನೆ ನಿಂತ ನೀರಿನಲ್ಲಿ ತಳಕ್ಕೂ ಮೇಲ್ಭಾಗಕ್ಕೂ ಹಲವು ಡಿಗ್ರಿಗಳ ಅಂತರ ಬೀಳಬಲ್ಲದು. ತಳದಲ್ಲಿ ಮಡಿಸಿದ ಬಟ್ಟೆಯನ್ನೋ ಒಂದು ತಟ್ಟೆಯನ್ನೋ ಹಾಸಿದರೆ ಉರಿ ಹಚ್ಚಿದಾಗಿನ ನೇರ ಶಾಖ ಮೊಟ್ಟೆಗೆ ತಗುಲುವುದಿಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿಯೂ ಥರ್ಮಾಮೀಟರೇ ಎರಡು ಡಿಗ್ರಿ ತಪ್ಪು ತೋರಿಸುತ್ತಿದ್ದರೆ ಶ್ರಮ ವ್ಯರ್ಥ; 62ಕ್ಕೂ 66ಕ್ಕೂ ನಡುವೆ ಹರಿಯುವ ಹಳದಿಗೂ ಉಂಡೆಯಾದ ಹಳದಿಗೂ ಇರುವಷ್ಟು ದೂರವಿದೆ. ಪುಡಿ ಮಾಡಿದ ಮಂಜುಗಡ್ಡೆಗೆ ತುಸು ನೀರು ಬೆರೆಸಿ ಅದರಲ್ಲಿ ಅದ್ದಿದಾಗ ಥರ್ಮಾಮೀಟರ್ ಸೊನ್ನೆ ತೋರಿಸಬೇಕು. ಕುದಿಯುವ ನೀರಿನಲ್ಲಿ 100 ತೋರಿಸುತ್ತದೆಯೇ ಎಂದು ನೋಡುವ ಪರೀಕ್ಷೆ ಮಂಗಳೂರಿನಲ್ಲಿ ಸರಿ. ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ನೀರು 97 ಡಿಗ್ರಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಸ್ವಲ್ಪ ಕೆಳಗೆ. ನಿಮಿಷ ಎಣಿಸಿ ಕುದಿಸುವ ಪಾಕವಿಧಿಗಳು ಊರಿಂದೂರಿಗೆ ಸ್ವಲ್ಪ ವ್ಯತ್ಯಾಸವಾಗಲು ಇದೂ ಒಂದು ಕಾರಣ. 64 ಡಿಗ್ರಿಯ ನೀರಿಗೆ ಮಾತ್ರ ಊರಿನ ಎತ್ತರದ ಹಂಗಿಲ್ಲ.

ಮೊಟ್ಟೆಯ ಗಾತ್ರದ ಹಂಗು ಉಂಟು. ಕಾವು ಚಿಪ್ಪಿನಿಂದ ನಡುಮಧ್ಯದವರೆಗೆ ಸಾಗಬೇಕಾದ ದೂರ ಹೆಚ್ಚಿದಂತೆ ಹೊತ್ತು ಅದರ ವರ್ಗದ ಪ್ರಮಾಣದಲ್ಲಿ ಹೆಚ್ಚುತ್ತದೆ. 45 ಗ್ರಾಂ ತೂಗುವ ನಾಟಿ ಕೋಳಿಯ ಮೊಟ್ಟೆಗಿಂತ 65 ಗ್ರಾಂ ತೂಗುವ ದೊಡ್ಡ ಫಾರಂ ಮೊಟ್ಟೆ ಒಳಗೆ ಅಷ್ಟೇ ಬಿಸಿಯಾಗಲು ಕಾಲು ಭಾಗಕ್ಕಿಂತ ಹೆಚ್ಚು ಹೊತ್ತು ಬೇಡುತ್ತದೆ. ಮಧ್ಯಮ ಗಾತ್ರದ ಮೊಟ್ಟೆಯ ನಡುಭಾಗ ನೀರಿನ ಉಷ್ಣತೆಯ ಹತ್ತಿರ ಬರಲು ಅರ್ಧ ಗಂಟೆಯಾದರೂ ಬೇಕಾಗುವುದರಿಂದ, ಒಟ್ಟು ಒಂದು ಗಂಟೆಯಲ್ಲಿ ಹಳದಿ ನಿಜವಾಗಿ ಹದಗೊಳ್ಳುವುದು ಕೊನೆಯ ಅರ್ಧ ಗಂಟೆಯಲ್ಲಿ. ನಾಟಿ ಮೊಟ್ಟೆಗೆ 50 ನಿಮಿಷ ಸಾಕು.

ಹೀಗೆ ಒಂದು ಗಂಟೆ 64 ಡಿಗ್ರಿಯಲ್ಲಿದ್ದ ಮೊಟ್ಟೆಯನ್ನು ಮಾಮೂಲಿಯಂತೆ ಸುಲಿಯಲು ಹೋಗಬಾರದು. ಬಿಳಿ ಭಾಗ ಚಿಪ್ಪಿಗೆ ಅಂಟಿಕೊಂಡು ಹರಿದುಹೋಗುತ್ತದೆ. ಹಸಿ ಮೊಟ್ಟೆ ಒಡೆಯುವಂತೆ ದಪ್ಪ ತುದಿಯನ್ನು ತಟ್ಟಿ, ಸೀಳು ಅಗಲಿಸಿ, ಬಟ್ಟಲಿಗೆ ಜಾರಿಸಬೇಕು. ಮೊದಲು ಒಂದಿಷ್ಟು ನೀರಾದ ಬಿಳಿ ಹರಿದು ಬರುತ್ತದೆ. ಇದು ಬೇಯುವುದು ತಪ್ಪಿದ್ದರ ಗುರುತಲ್ಲ. ಪ್ರತಿ ಮೊಟ್ಟೆಯಲ್ಲಿಯೂ ಬಿಳಿ ಭಾಗ ತೆಳುವಾದ ಪದರ, ದಪ್ಪವಾದ ಪದರ ಎಂದು ಎರಡು ಬಗೆಯಲ್ಲಿರುತ್ತದೆ, ತೆಳುವಾದುದು ಈ ಉಷ್ಣತೆಯಲ್ಲಿ ನಿಲ್ಲುವಷ್ಟು ಹೆಪ್ಪಾಗುವುದೇ ಇಲ್ಲ. ಅದನ್ನು ತೂತಿರುವ ಚಮಚದಿಂದ ಬಸಿದು ಬಿಟ್ಟರೆ ದಪ್ಪ ಪದರದ ಹೊದಿಕೆಯೊಳಗೆ ಹಳದಿ ದುಂಡಗೆ ಕುಳಿತಿರುವುದು ಕಾಣುತ್ತದೆ. ಮೊಟ್ಟೆ ಹಳೆಯದಾದಷ್ಟೂ ಈ ತೆಳು ಭಾಗ ಹೆಚ್ಚು: ಚಿಪ್ಪಿನ ಸಾವಿರಾರು ರಂಧ್ರಗಳ ಮೂಲಕ ಇಂಗಾಲದ ಡೈ ಆಕ್ಸೈಡ್ ಹೊರಹೋಗಿ ಲೋಳೆ ಕ್ಷಾರೀಯವಾಗುತ್ತ, ದಪ್ಪ ಪದರ ಸಡಿಲಗೊಂಡು ನೀರಾಗುತ್ತದೆ. ಗಟ್ಟಿ ಮೊಟ್ಟೆ ಸುಲಿಯಲು ಹಳೆಯದೇ ಒಳ್ಳೆಯದು ಎಂಬ ಮನೆಮಾತು ನಿಜವಾದರೂ ಇಲ್ಲಿ ಬೇಕಾದುದು ತಾಜಾ ಮೊಟ್ಟೆ.

ಹಳದಿಯನ್ನು ಚಮಚದಿಂದ ಸೀಳಿದಾಗ ಸಿಗುವ ನೋಟವೇ ಉಷ್ಣತೆಯ ಸಾಕ್ಷಿ. ಒಂದು ಗಂಟೆಯ ಲೆಕ್ಕದಲ್ಲಿ ಸೀಳಿದ ಕಡೆಯಿಂದ ಹಳದಿ ದಪ್ಪಗೆ ಹರಿದು ಬಂದರೆ ನೀರು 62ರ ಆಸುಪಾಸಿನಲ್ಲಿತ್ತು ಎಂದರ್ಥ. ಸೀಳು ಹಾಗೆಯೇ ನಿಂತು, ಒತ್ತಿದರೆ ಹೊಳೆಯುತ್ತ ಹರಡಿಕೊಂಡರೆ 64ರ ಸುಮಾರು. ಉಂಡೆಯಾಗಿ ಚಮಚಕ್ಕೆ ಅಂಟಿದರೆ 66 ದಾಟಿದೆ. ಹಳದಿ ಗಟ್ಟಿಯಾಗಿಯೂ ಬಿಳಿ ಇನ್ನೂ ಸಡಿಲವಾಗಿಯೂ ಇದ್ದರೆ 68–70ರಲ್ಲಿ ಬಹಳ ಹೊತ್ತು ಇದ್ದಿತೆಂದು ತಿಳಿಯಬೇಕು. ಬಿಳಿ ಬಿಗಿಯಾಗಿ ಹಳದಿ ನೀರಾಗಿದ್ದರೆ ನೀರು ಇದೆಲ್ಲಕ್ಕಿಂತ ಬಹಳ ಬಿಸಿಯಾಗಿದ್ದು, ಮೊಟ್ಟೆ ಅದರಲ್ಲಿ ಅಲ್ಪ ಹೊತ್ತು ಮಾತ್ರ ಇತ್ತು.

ಸಡಿಲ ಬಿಳಿ ಎಲ್ಲರಿಗೂ ಹಿಡಿಸುವುದಿಲ್ಲ, ಹಿಡಿಸಬೇಕೆಂಬ ಕಟ್ಟಳೆಯೂ ಇಲ್ಲ. ಬಿಳಿಗೆ 80, ಹಳದಿಗೆ 64 ಎಂಬ ಎರಡು ಬೇಡಿಕೆಗಳನ್ನು ಒಂದೇ ನೀರು ಪೂರೈಸಲಾರದು ಎಂಬುದು ಇದರ ಮೂಲ ತೊಡಕು, ಆದ್ದರಿಂದ ಪರಿಹಾರಗಳೆಲ್ಲ ಎರಡು ನೀರುಗಳನ್ನು ಬಳಸುತ್ತವೆ. ಮೊಟ್ಟೆಯನ್ನು ಮೊದಲು ಕುದಿಯುವ ನೀರಿನಲ್ಲಿ ಮೂರು ನಿಮಿಷ ಇಟ್ಟು, ಕೂಡಲೇ ಮಂಜುಗಡ್ಡೆಯ ನೀರಿಗೆ ಹಾಕಿ ಒಂದೆರಡು ನಿಮಿಷ ತಣಿಸಿ, ಬಳಿಕ 64 ಡಿಗ್ರಿಯ ನೀರಿನಲ್ಲಿ ಮುಕ್ಕಾಲು ಗಂಟೆ ಬಿಡುವುದು ಮನೆಗೆ ಹೊಂದುವ ದಾರಿ. ಮೂರು ನಿಮಿಷದಲ್ಲಿ ಹೊರಗಿನ ಬಿಳಿ ಪದರದ ಓವಾಲ್ಬುಮಿನ್ ಹೆಪ್ಪುಗಟ್ಟುತ್ತದೆ, ಕಾವು ಹಳದಿಗೆ ತಲುಪುವ ಮುನ್ನ ತಣ್ಣೀರು ಅದನ್ನು ತಡೆಯುತ್ತದೆ. ಹೀಗೆ ಮಾಡಿದ ಮೊಟ್ಟೆಯನ್ನು ಜೋಪಾನವಾಗಿ ಸುಲಿಯಲೂಬಹುದು. ಇಟಲಿಯ ನೇಪಲ್ಸ್ ನಗರದ ಸಂಶೋಧಕರು 2025ರಲ್ಲಿ ಪ್ರಕಟಿಸಿದ ವಿಧಾನ ಇದೇ ತರ್ಕವನ್ನು ಕೊನೆಯವರೆಗೆ ಎಳೆಯುತ್ತದೆ: ಮೊಟ್ಟೆಯನ್ನು 100 ಡಿಗ್ರಿಯ ನೀರಿಗೂ 30 ಡಿಗ್ರಿಯ ನೀರಿಗೂ ಎರಡೆರಡು ನಿಮಿಷಕ್ಕೊಮ್ಮೆ ಬದಲಾಯಿಸುತ್ತ ಒಟ್ಟು 32 ನಿಮಿಷ ಬೇಯಿಸಿದರೆ, ಬಿಳಿ ಭಾಗ ಬಿಸಿಯಾಗುತ್ತ ತಣಿಯುತ್ತ ಹೆಪ್ಪುಗಟ್ಟುತ್ತದೆ, ಹಳದಿಯ ನಡುಭಾಗ ಮಾತ್ರ ಈ ಏರಿಳಿತವನ್ನು ಅರಿಯದೆ 67 ಡಿಗ್ರಿಯ ಸುಮಾರಿನಲ್ಲಿ ನೆಲೆ ನಿಲ್ಲುತ್ತದೆ. ಎರಡೂ ಭಾಗ ಸರಿಯಾದ ಹದಕ್ಕೆ ಬರುತ್ತವೆ ಎಂಬುದರಲ್ಲಿ ಸಂಶಯವಿಲ್ಲ. ಅರ್ಧ ಗಂಟೆ ಒಲೆಯ ಮುಂದೆ ನಿಂತು ಹದಿನಾರು ಸಲ ಪಾತ್ರೆ ಬದಲಾಯಿಸುವ ವ್ಯವಧಾನ ಯಾವ ಮನೆಯಲ್ಲಿದೆ ಎಂಬುದು ಬೇರೆ ಮಾತು.

ಸುರಕ್ಷತೆಯ ವಿಷಯದಲ್ಲಿ ಮಾತ್ರ ರುಚಿಗೆ ರಿಯಾಯಿತಿ ಇಲ್ಲ. ಹಸಿ ಮೊಟ್ಟೆಯಲ್ಲಿ ಇರಬಹುದಾದ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಸಾಯಲು ಕುದಿಯುವ ನೀರೇ ಆಗಬೇಕೆಂದಿಲ್ಲ. 57 ಡಿಗ್ರಿಯ ನೀರಿನಲ್ಲಿ ಒಂದೂಕಾಲು ಗಂಟೆ ಇಟ್ಟರೆ ಹಸಿಯಂತೆಯೇ ಕಾಣುವ ಮೊಟ್ಟೆಯೂ ಪಾಶ್ಚರೀಕರಣಗೊಳ್ಳುತ್ತದೆ. ಆದ್ದರಿಂದ 64ರಲ್ಲಿ ಒಂದು ಗಂಟೆ ನಿಜವಾಗಿಯೂ ಇದ್ದ ಮೊಟ್ಟೆ, ಬಿಳಿ ಎಷ್ಟೇ ಸಡಿಲವಾಗಿ ಕಂಡರೂ, ಹಸಿ ಮೊಟ್ಟೆಯಲ್ಲ. ಅಪಾಯವಿರುವುದು ಅರೆಬರೆ ವಿಧಾನಗಳಲ್ಲಿ. ಕುದಿದ ನೀರಿಗೆ ತಣ್ಣೀರು ಬೆರೆಸಿ, ಮೊಟ್ಟೆ ಹಾಕಿ ಮುಚ್ಚಿ, ಹದಿನೈದು ಇಪ್ಪತ್ತು ನಿಮಿಷ ಬಿಡುವ ಜಪಾನೀ ಮನೆಗಳ ಸುಲಭ ಉಪಾಯದಲ್ಲಿ ಹದ ಚೆನ್ನಾಗಿ ಬರುತ್ತದಾದರೂ ನೀರು ತಣಿಯುತ್ತಲೇ ಇರುವುದರಿಂದ ನಡುಭಾಗ ಎಷ್ಟು ಡಿಗ್ರಿಯಲ್ಲಿ ಎಷ್ಟು ಹೊತ್ತು ಇತ್ತೆಂಬ ಖಾತರಿಯಿಲ್ಲ. ಗರ್ಭಿಣಿಯರಿಗೆ, ಎಳೆಯ ಮಕ್ಕಳಿಗೆ, ವಯಸ್ಸಾದವರಿಗೆ, ಕಾಯಿಲೆಯಿಂದ ಸೊರಗಿದವರಿಗೆ ಹಾಗೆ ಬೇಯಿಸಿದ್ದನ್ನು ಕೊಡಬಾರದು. ಒಲೆಯ ಮೇಲಿನ ಪಾತ್ರೆಯಲ್ಲಿ ನೀರು ಗಮನಕ್ಕೆ ಬಾರದೆ 50ರ ಆಸುಪಾಸಿಗೆ ಇಳಿದು ಬಹಳ ಹೊತ್ತಾಗಿದ್ದರೆ ಆ ಮೊಟ್ಟೆಯನ್ನು ಈ ಹದದಲ್ಲಿ ತಿನ್ನುವ ಆಸೆ ಬಿಡುವುದು ಒಳ್ಳೆಯದು. ಕೂದಲೆಳೆಯಷ್ಟು ಸೀಳಿದ್ದ ಮೊಟ್ಟೆಯನ್ನೂ ಬಳಸಬಾರದು. ಬೆಂದ ಮೊಟ್ಟೆಯನ್ನು ಕೂಡಲೇ ತಿನ್ನಬೇಕು. ಇಲ್ಲವೇ ಮಂಜುಗಡ್ಡೆಯ ನೀರಿನಲ್ಲಿ ತಣಿಸಿ ಚಿಪ್ಪಿನ ಸಮೇತ ಫ್ರಿಜ್ಜಿಗಿಟ್ಟು, ಬೇಕಾದಾಗ 60 ಡಿಗ್ರಿಯ ನೀರಿನಲ್ಲಿ ಕಾಲು ಗಂಟೆ ಬೆಚ್ಚಗೆ ಮಾಡಿಕೊಳ್ಳಬೇಕು.

ಬೆಳಗಿನ ಅವಸರದ ತಿಂಡಿಗೆ ಇದು ಒಗ್ಗುವ ಕ್ರಮವಲ್ಲ. ಒಂದು ಮೊಟ್ಟೆಗಾಗಿ ಒಂದು ಗಂಟೆ ನೀರು ಕಾಯುವುದಕ್ಕಿಂತ ಹತ್ತು ಹನ್ನೆರಡು ಮೊಟ್ಟೆಗಳಿಗೆ ಒಟ್ಟಿಗೆ ಕಾಯುವುದು ಲೇಸು. ಆಗ ಅದಕ್ಕೆ ತಕ್ಕಷ್ಟು ದೊಡ್ಡ ಪಾತ್ರೆ ಬೇಕಾಗುತ್ತದೆ. ಮೊದಲ ಸಲ ಮಾಡುವವರು 64 ಡಿಗ್ರಿ, ಒಂದು ಗಂಟೆ ಎಂದು ಹಿಡಿದು ಆರಂಭಿಸಿ, ಹಳದಿ ಹೆಚ್ಚು ಸಡಿಲವೆನಿಸಿದರೆ ಮುಂದಿನ ಸಲ ಅರ್ಧ ಡಿಗ್ರಿ ಏರಿಸಲಿ, ಗಟ್ಟಿಯೆನಿಸಿದರೆ ಅರ್ಧ ಡಿಗ್ರಿ ಇಳಿಸಲಿ. ಹೊತ್ತನ್ನೂ ಉಷ್ಣತೆಯನ್ನೂ ಒಂದೇ ಸಲ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.